ರೋಟರ್ ಹಿಂದೆ ಬೀಳದಿದ್ದರೆ ಟಾರ್ಕ್ ಯಾಕೆ ಹುಟ್ಟುವುದಿಲ್ಲ? ರಿವೈಂಡಿಂಗ್ ಆದಮೇಲೆ ಸ್ಲಿಪ್ ಜಾಸ್ತಿ ಆಗಿದೆ

ಬ್ಲೋವರ್_ರೂಮ್

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಒಂದು ಬ್ಲೋವರ್‌ಗೆ 7.5 ಕಿಲೋವ್ಯಾಟ್ ಮೋಟಾರ್ ಇದೆ. ನಾಲ್ಕು ಪೋಲ್, 415 ವೋಲ್ಟ್, 50 ಹರ್ಟ್ಸ್, ನೇಮ್‌ಪ್ಲೇಟ್ ಮೇಲೆ 1440 ಆರ್‌ಪಿಎಂ ಅಂತ ಇದೆ. ಕಪ್ಲಿಂಗ್ ಹಾಕಿ ನೇರವಾಗಿ ಜೋಡಿಸಿದ್ದು, ಬೆಲ್ಟ್ ಇಲ್ಲ. ಹೋದ ತಿಂಗಳು ವೈಂಡಿಂಗ್ ಸುಟ್ಟುಹೋಯಿತು. ರಿವೈಂಡಿಂಗ್ ಮಾಡಿಸಿ ತಂದು ಹಾಕಿದೆವು.

ಮೊದಲು ಲೋಡ್ ಮೇಲೆ ಟ್ಯಾಕೋಮೀಟರ್ ಹಿಡಿದರೆ 1440 ಬರುತ್ತಿತ್ತು, ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ. ಈಗ ಅದೇ ಬ್ಲೋವರ್, ಅದೇ ಡಕ್ಟ್, 1421 ಬರುತ್ತಿದೆ. ಕರೆಂಟ್ ಮಾತ್ರ ಹೆಚ್ಚು ಕಡಿಮೆ ಅಷ್ಟೇ ಇದೆ. ಮೊದಲು 14.1 ಆಂಪಿಯರ್, ಈಗ 13.9. ಆದರೆ ಮೋಟಾರ್ ಮೊದಲಿಗಿಂತ ಜಾಸ್ತಿ ಬಿಸಿ ಆಗುತ್ತಿದೆ, ಅದರಲ್ಲೂ ಶಾಫ್ಟ್ ಕಡೆ ಬಿಸಿ ಜಾಸ್ತಿ. ವರ್ಕ್‌ಶಾಪಿನವರನ್ನು ಕೇಳಿದರೆ "ಸ್ಲಿಪ್ ಸ್ವಲ್ಪ ಹೆಚ್ಚಾಗಿದೆ, ಅದು ಮಾಮೂಲಿ" ಅಂದರು.

ಸ್ಲಿಪ್ ಹೆಚ್ಚಾಗುವುದು ಅಂದರೆ ನಿಜವಾಗಿ ಏನು ಅಂತ ನನಗೆ ಅರ್ಥ ಆಗಬೇಕು. ಸೂತ್ರ ಗೊತ್ತು. 1500ರಿಂದ 1421 ಕಳೆದು 1500ರಿಂದ ಭಾಗಿಸಿದರೆ 5.3 ಶೇಕಡಾ. ಆದರೆ ಆ ಸಂಖ್ಯೆ ಮೋಟಾರಿನ ಒಳಗೆ ಏನನ್ನು ಹೇಳುತ್ತಿದೆ?

ಬೆಲ್ಟ್_ಪುಲ್ಲಿ

ಬೆಲ್ಟ್ ಟೈಟ್ ಮಾಡಿ ನೋಡಿ. ನಮ್ಮ ಕಂಪ್ರೆಸರ್‌ಗೆ ಹೀಗೇ ಆಗಿತ್ತು, ಎರಡು ಬೆಲ್ಟ್ ಬದಲಾಯಿಸಿದ ಮೇಲೆ ಸ್ಪೀಡ್ ಸರಿಹೋಯಿತು. ಪುಲ್ಲಿ ಗ್ರೂವ್ ಸವೆದಿದ್ದರೂ ಸ್ಲಿಪ್ ಆಗುತ್ತದೆ.

ಬ್ಲೋವರ್_ರೂಮ್

ಬೆಲ್ಟ್ ಇಲ್ಲ ಸರ್, ನೇರ ಕಪ್ಲಿಂಗ್. ನಾನು ಅಳೆದಿದ್ದು ಮೋಟಾರ್ ಶಾಫ್ಟಿನ ಸ್ಪೀಡನ್ನೇ.

ಸ್ಪಾನರ್_ಹದಿನೇಳು

ಸ್ಲಿಪ್ ಅಂದರೆ ನಷ್ಟ. ಅಷ್ಟೇ ಅದರ ಅರ್ಥ. ಫೀಲ್ಡ್ 1500ರಲ್ಲಿ ತಿರುಗುತ್ತದೆ, ರೋಟರ್ ಅದನ್ನು ಹಿಡಿಯಲಾಗದೆ ಹಿಂದೆ ಉಳಿಯುತ್ತದೆ. ಮೋಟಾರ್ ಎಷ್ಟು ಒಳ್ಳೆಯದೋ ಅಷ್ಟು ಸ್ಲಿಪ್ ಕಡಿಮೆ. ಬೇರಿಂಗ್, ಗಾಳಿಯ ತಡೆ ಏನೂ ಇಲ್ಲದಂಥ ಪರ್ಫೆಕ್ಟ್ ಮೋಟಾರ್ ಮಾಡಿದರೆ ಫುಲ್ ಲೋಡಲ್ಲೂ 1500 ಬರಬೇಕು. ನಿಮ್ಮ ಮೋಟಾರಲ್ಲಿ ನಷ್ಟ ಜಾಸ್ತಿ ಆಗಿದೆ, ಬೇರಿಂಗ್ ನೋಡಿ.

ಸುರುಳಿ_ಸುತ್ತು

ಸ್ಪಾನರ್ ಅವರ ಮಾತಲ್ಲಿ ಅರ್ಧ ಸರಿ ಇದೆ, ಅರ್ಧ ತಪ್ಪಿದೆ. ತಪ್ಪಿರುವ ಅರ್ಧವೇ ಇಲ್ಲಿ ಮುಖ್ಯ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ರೋಟರಿಗೆ ಹೊರಗಿಂದ ಯಾವ ವೈರೂ ಹೋಗುವುದಿಲ್ಲ. ಅದರ ಬಾರುಗಳಲ್ಲಿ ಕರೆಂಟ್ ಹರಿಯಬೇಕಾದರೆ ಸ್ಟೇಟರಿನ ಫೀಲ್ಡ್ ಆ ಬಾರುಗಳನ್ನು ದಾಟಿಕೊಂಡು ಹೋಗಬೇಕು. ಫೀಲ್ಡ್ 1500ರಲ್ಲಿ ತಿರುಗುತ್ತಿದ್ದು ರೋಟರೂ 1500ರಲ್ಲೇ ತಿರುಗಿದರೆ, ಬಾರಿನ ಮೇಲೆ ಕೂತು ನೋಡುವವನಿಗೆ ಫೀಲ್ಡ್ ನಿಂತೇ ಇರುತ್ತದೆ. ಆಗ ವೋಲ್ಟೇಜ್ ಹುಟ್ಟುವುದಿಲ್ಲ. ವೋಲ್ಟೇಜ್ ಇಲ್ಲ ಅಂದರೆ ಕರೆಂಟ್ ಇಲ್ಲ, ಕರೆಂಟ್ ಇಲ್ಲ ಅಂದರೆ ತಳ್ಳುವ ಬಲವೂ ಇಲ್ಲ. ಹಾಗಾಗಿ ರೋಟರ್ "ಹಿಡಿಯಲಾಗದೆ" ಹಿಂದೆ ಬೀಳುತ್ತಿಲ್ಲ. ಎಷ್ಟು ಟಾರ್ಕ್ ಬೇಕೋ ಅಷ್ಟು ಕರೆಂಟ್ ಹುಟ್ಟುವ ತನಕ ಹಿಂದೆ ಬಂದು ಅಲ್ಲಿ ನಿಲ್ಲುತ್ತದೆ. ಬೇರಿಂಗ್ ಎಷ್ಟೇ ನುಣುಪಾಗಿರಲಿ, ಶಾಫ್ಟ್ ಮೇಲೆ ಲೋಡ್ ಇದ್ದರೆ ಸ್ಲಿಪ್ ಇರಲೇಬೇಕು.

ನಿಮ್ಮ ಮೋಟಾರನ್ನೇ ತೆಗೆದುಕೊಳ್ಳಿ. 1440ರಲ್ಲಿ ತಿರುಗುವಾಗ ಫೀಲ್ಡ್ ಬಾರುಗಳನ್ನು ನಿಮಿಷಕ್ಕೆ 60 ಸುತ್ತಿನಂತೆ ದಾಟುತ್ತದೆ. ಅಂದರೆ ಸೆಕೆಂಡಿಗೆ ಒಂದು ಸುತ್ತು. ನಾಲ್ಕು ಪೋಲ್ ಅಂದರೆ ಎರಡು ಜೋಡಿ, ಹಾಗಾಗಿ ರೋಟರಿನ ಕರೆಂಟ್ ಸೆಕೆಂಡಿಗೆ ಎರಡು ಸಲ ಮಾತ್ರ ತಿರುವುಮುರುವು ಆಗುತ್ತದೆ. ಸ್ಟೇಟರಲ್ಲಿ 50 ಹರ್ಟ್ಸ್, ರೋಟರಲ್ಲಿ 2 ಹರ್ಟ್ಸ್. ಈ 2 ಹರ್ಟ್ಸ್ ಕರೆಂಟ್ ತನ್ನದೇ ಒಂದು ಫೀಲ್ಡ್ ಮಾಡುತ್ತದೆ. ಅದು ರೋಟರಿನ ಮೇಲೆ 60 ಆರ್‌ಪಿಎಂನಲ್ಲಿ ಮುಂದೆ ಓಡುತ್ತದೆ. ರೋಟರ್ ತಾನೇ 1440ರಲ್ಲಿ ಇದೆ. ಎರಡೂ ಕೂಡಿದರೆ 1500. ಸ್ಟೇಟರಿನ ಫೀಲ್ಡೂ ರೋಟರಿನ ಫೀಲ್ಡೂ ಒಟ್ಟಿಗೇ 1500ರಲ್ಲಿ ಸುತ್ತುತ್ತವೆ. ಹಾಗಾಗಿಯೇ ಟಾರ್ಕ್ ಬಿಟ್ಟು ಬಿಟ್ಟು ಬರದೆ ಒಂದೇ ಸಮನೆ ಬರುತ್ತದೆ.

ಇನ್ನು ಸ್ಪಾನರ್ ಅವರ ಸರಿ ಇರುವ ಅರ್ಧ. ವಾಹನದ ಕ್ಲಚ್ ಅರ್ಧ ಒತ್ತಿದಾಗ ಏನಾಗುತ್ತದೆ ನೋಡಿ. ಎಂಜಿನ್ ಕಡೆಯ ಪ್ಲೇಟ್ ವೇಗವಾಗಿ, ಗೇರ್‌ಬಾಕ್ಸ್ ಕಡೆಯದು ನಿಧಾನವಾಗಿ ತಿರುಗುತ್ತದೆ. ಎರಡರ ಮೇಲೂ ಟಾರ್ಕ್ ಒಂದೇ, ವೇಗ ಮಾತ್ರ ಬೇರೆ. ವೇಗದ ಆ ವ್ಯತ್ಯಾಸ ಪೂರ್ತಿ ಬಿಸಿಯಾಗುತ್ತದೆ. ಇಲ್ಲೂ ಲೆಕ್ಕ ಅದೇ. 7.5 ಕಿಲೋವ್ಯಾಟ್ 1440ರಲ್ಲಿ ಅಂದರೆ ಸುಮಾರು 49.7 ನ್ಯೂಟನ್ ಮೀಟರ್. ಫೀಲ್ಡ್ ಅದೇ ಟಾರ್ಕನ್ನು 1500ರಲ್ಲಿ ಕೊಡುತ್ತಿದೆ, ಅಂದರೆ ಗಾಳಿಸಂದು ದಾಟಿ ಹೋಗುವ ಪವರ್ ಸುಮಾರು 7810 ವ್ಯಾಟ್. ಉಳಿದ 310 ವ್ಯಾಟ್ ಚಿಲ್ಲರೆ ರೋಟರ್ ಬಾರುಗಳಲ್ಲಿ ಬಿಸಿಯಾಗುತ್ತದೆ. ಸ್ಲಿಪ್ 4 ಶೇಕಡಾ ಅಂದರೆ ರೋಟರಿಗೆ ದಾಟಿದ ಪವರಿನ 4 ಶೇಕಡಾ ರೋಟರನ್ನೇ ಕಾಯಿಸುತ್ತದೆ. ನಿಮ್ಮ ಮೋಟಾರಲ್ಲಿ ಈಗ ಅದು 5.3. ಶಾಫ್ಟ್ ಕಡೆ ಬಿಸಿ ಜಾಸ್ತಿ ಅನ್ನಿಸುವುದಕ್ಕೆ ಕಾರಣ ಇದೇ ಇರಬೇಕು. "ಮಾಮೂಲಿ" ಅಂತ ಬಿಡುವ ವಿಷಯ ಅಲ್ಲ.

ಸ್ಪಾನರ್_ಹದಿನೇಳು

ಒಪ್ಪಿದೆ, ಸೊನ್ನೆ ಸ್ಲಿಪ್‌ನಲ್ಲಿ ಟಾರ್ಕ್ ಇರುವುದಿಲ್ಲ. ಆದರೆ ಸ್ಲಿಪ್ ಕಡಿಮೆ ಇದ್ದಷ್ಟೂ ಒಳ್ಳೆಯದು ಅನ್ನುವುದು ಸುಳ್ಳಲ್ವಲ್ಲ? ನಾವು ಒಂದು ಫ್ಯಾನಿಗೆ ಹಳೆ ಮೋಟಾರ್ ತೆಗೆದು ಹೊಸ ಹೈ ಎಫಿಷಿಯನ್ಸಿ ಮೋಟಾರ್ ಹಾಕಿದೆವು. ಹಳೆಯದು 1440, ಹೊಸದು 1470. ಆದರೆ ಕರೆಂಟ್ ಬಿಲ್ ಕಡಿಮೆ ಆಗಲಿಲ್ಲ, ಒಂದು ಚೂರು ಜಾಸ್ತಿಯೇ ಆಯಿತು. ಇದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಸುರುಳಿ_ಸುತ್ತು

ನೀವು ಹೇಳುವುದು ಸುಳ್ಳಲ್ಲ. ದಪ್ಪ ಬಾರು ಹಾಕಿ ರೋಟರ್ ರೆಸಿಸ್ಟೆನ್ಸ್ ಕಡಿಮೆ ಮಾಡಿದರೆ ಅದೇ ಟಾರ್ಕಿಗೆ ಕಡಿಮೆ ಸ್ಲಿಪ್ ಸಾಕು, ರೋಟರ್ ತಂಪಾಗಿರುತ್ತದೆ. ಹೊಸ ಮೋಟಾರುಗಳು 1440ರ ಬದಲು 1460, 1470ರಲ್ಲಿ ತಿರುಗುವುದು ಅದಕ್ಕೇ. ನಿಮ್ಮ ಬಿಲ್ ಏರಿದ್ದಕ್ಕೆ ಮೋಟಾರ್ ಕಾರಣ ಅಲ್ಲ, ಫ್ಯಾನ್ ಕಾರಣ. ಫ್ಯಾನ್ ಎಳೆಯುವ ಪವರ್ ಸ್ಪೀಡಿನ ಘನದಂತೆ ಏರುತ್ತದೆ. 1470ನ್ನು 1440ರಿಂದ ಭಾಗಿಸಿ ಘನ ಮಾಡಿ, 1.06 ಬರುತ್ತದೆ. ಫ್ಯಾನೇ 6 ಶೇಕಡಾ ಜಾಸ್ತಿ ಕೇಳಿತು, ಮೋಟಾರ್ ಉಳಿಸಿದ್ದು ಅಲ್ಲಿಗೆ ಹೋಯಿತು. ಗಾಳಿಯೂ ಜಾಸ್ತಿ ಬಂದಿರುತ್ತದೆ. ಅದು ಬೇಡವಾಗಿದ್ದರೆ ಪುಲ್ಲಿ ಅಳತೆ ಬದಲಾಯಿಸಬೇಕಿತ್ತು.

ಸ್ಪಾನರ್_ಹದಿನೇಳು

ಪುಲ್ಲಿ ಹಳೆಯದೇ ಇಟ್ಟಿದ್ದೆವು. ಈಗ ಗೊತ್ತಾಯಿತು.

ಎರಡನೇ_ವರ್ಷ

ಸರ್, ನಾನು ಇನ್ನೂ ಓದುತ್ತಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಸ್ಲಿಪ್ ಜಾಸ್ತಿ ಆದಷ್ಟೂ ರೋಟರ್ ಕರೆಂಟ್ ಜಾಸ್ತಿ, ಕರೆಂಟ್ ಜಾಸ್ತಿ ಆದಷ್ಟೂ ಟಾರ್ಕ್ ಜಾಸ್ತಿ ಅಂದಿರಿ. ಹಾಗಾದರೆ ಮೋಟಾರ್ ನಿಂತಿರುವಾಗ ಸ್ಲಿಪ್ ಪೂರ್ತಿ ನೂರು ಶೇಕಡಾ, ಕರೆಂಟ್ ಐದಾರು ಪಟ್ಟು. ಟಾರ್ಕೂ ಐದಾರು ಪಟ್ಟು ಇರಬೇಕಲ್ವಾ? ಆದರೆ ಕ್ಯಾಟಲಾಗಿನಲ್ಲಿ ಸ್ಟಾರ್ಟಿಂಗ್ ಟಾರ್ಕ್ ಎರಡು ಪಟ್ಟಿನ ಆಸುಪಾಸು ಇರುತ್ತದೆ. ಉಳಿದ ಕರೆಂಟ್ ಏನು ಮಾಡುತ್ತಿದೆ?

ಸುರುಳಿ_ಸುತ್ತು

ಇದು ತುಂಬಾ ಒಳ್ಳೆ ಪ್ರಶ್ನೆ. ಕರೆಂಟ್ ಎಷ್ಟಿದೆ ಅನ್ನುವುದೊಂದೇ ಸಾಲದು, ಅದು ಯಾವ ಬಾರಲ್ಲಿ ಇದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ರೋಟರನ್ನು ಉದ್ದಕ್ಕೆ ಬಿಡಿಸಿ ಹಾಸಿದ ಹಾಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮೇಲೆ ಒಂದು ಉತ್ತರ ಪೋಲ್ ಹಾದುಹೋಗುತ್ತಿದೆ. ಆ ಪೋಲಿನ ಕೆಳಗಿರುವ ಬಾರುಗಳಲ್ಲೆಲ್ಲ ವೋಲ್ಟೇಜ್ ಒಂದೇ ದಿಕ್ಕಿಗೆ ಹುಟ್ಟುತ್ತದೆ, ನಡುವೆ ಜಾಸ್ತಿ, ಅಂಚಲ್ಲಿ ಕಡಿಮೆ. ಕರೆಂಟ್ ಕೂಡ ತಡವಿಲ್ಲದೆ ವೋಲ್ಟೇಜಿನ ಜೊತೆಗೇ ಹರಿದರೆ, ಆ ಪೋಲಿನ ಕೆಳಗಿನ ಪ್ರತಿ ಬಾರೂ ಮುಂದಕ್ಕೇ ತಳ್ಳುತ್ತದೆ. ಪಕ್ಕದ ದಕ್ಷಿಣ ಪೋಲಿನ ಕೆಳಗೆ ಫೀಲ್ಡೂ ತಿರುಗಿದೆ, ಕರೆಂಟೂ ತಿರುಗಿದೆ, ಅಲ್ಲೂ ಮುಂದಕ್ಕೇ ತಳ್ಳುತ್ತದೆ.

ಆದರೆ ಬಾರು ಕಬ್ಬಿಣದ ಒಳಗೆ ಕೂತಿದೆ, ಅದಕ್ಕೆ ಇಂಡಕ್ಟೆನ್ಸ್ ಇದೆ. ಹಾಗಾಗಿ ಕರೆಂಟ್ ತಡವಾಗಿ ಬರುತ್ತದೆ. ರೋಟರಿನ ಹರ್ಟ್ಸ್ ಜಾಸ್ತಿ ಆದಷ್ಟೂ ತಡ ಜಾಸ್ತಿ. 2 ಹರ್ಟ್ಸ್‌ನಲ್ಲಿ ಈ ತಡ ಲೆಕ್ಕಕ್ಕೇ ಇಲ್ಲದಷ್ಟು ಸಣ್ಣದು. ಮೋಟಾರ್ ನಿಂತಿರುವಾಗ ರೋಟರಲ್ಲೂ 50 ಹರ್ಟ್ಸ್. ಆಗ ಬಾರಿನಲ್ಲಿ ಕರೆಂಟ್ ತುಂಬುವ ಹೊತ್ತಿಗೆ ಆ ಪೋಲ್ ಅರ್ಧಕ್ಕರ್ಧ ದಾಟಿಹೋಗಿರುತ್ತದೆ, ಮುಂದಿನ ಪೋಲ್ ಬಂದಿರುತ್ತದೆ. ಆ ಬಾರು ತಪ್ಪು ಪೋಲಿನ ಕೆಳಗೆ ಸರಿ ಕರೆಂಟ್ ಹಿಡಿದುಕೊಂಡು ನಿಂತು ಹಿಂದಕ್ಕೆ ತಳ್ಳುತ್ತದೆ.

ಒಂದು ಲೆಕ್ಕ ಮಾಡೋಣ. ರೋಟರ್ ರೆಸಿಸ್ಟೆನ್ಸ್ 1 ಅಂತಿರಲಿ, 50 ಹರ್ಟ್ಸ್‌ನಲ್ಲಿ ರಿಯಾಕ್ಟೆನ್ಸ್ 5 ಅಂತಿರಲಿ. ನಿಂತಿರುವಾಗ ಹುಟ್ಟುವ ವೋಲ್ಟೇಜನ್ನು E ಅನ್ನೋಣ.

```
s = 1    : V = E       Z = √(1² + 5²)   = 5.10   I = 0.196 E
           tan φ = 5     φ = 79°   cos φ = 0.196
           I·cos φ = 0.0385 E

s = 0.04 : V = 0.04 E  Z = √(1² + 0.2²) = 1.02   I = 0.0392 E
           tan φ = 0.2   φ = 11°   cos φ = 0.98
           I·cos φ = 0.0385 E
```

ಕೊನೆಯ ಸಾಲುಗಳನ್ನು ನೋಡಿ. ನಿಂತಿರುವಾಗ ಕರೆಂಟ್ ಐದು ಪಟ್ಟು, ಟಾರ್ಕ್ ಮಾತ್ರ ಫುಲ್ ಲೋಡಲ್ಲಿ ಇದ್ದಷ್ಟೇ! ಒಂದು ಪೋಲಿನ ಅಗಲ 180 ಡಿಗ್ರಿ ಅಂದುಕೊಂಡರೆ, ಸ್ಟಾರ್ಟಿಂಗಿನಲ್ಲಿ 79 ಡಿಗ್ರಿ ಅಗಲದಷ್ಟು ಬಾರುಗಳು ಹಿಂದಕ್ಕೆ ತಳ್ಳುತ್ತಿವೆ, 101 ಡಿಗ್ರಿಯಷ್ಟು ಮುಂದಕ್ಕೆ. ಹಗ್ಗಜಗ್ಗಾಟದಲ್ಲಿ ಎರಡು ಕಡೆಯೂ ಪೂರ್ತಿ ಬಲ ಹಾಕಿ ಹಗ್ಗ ಸ್ವಲ್ಪವೇ ಸರಿದ ಹಾಗೆ. ಓಡುವಾಗ ಹಿಂದಕ್ಕೆ ತಳ್ಳುವುದು 11 ಡಿಗ್ರಿಯಷ್ಟು ಮಾತ್ರ, ಅದೂ ಫೀಲ್ಡ್ ಸಣ್ಣದಿರುವ ಅಂಚಲ್ಲಿ.

ಎರಡನೇ_ವರ್ಷ

ಈಗ ಕಣ್ಣಿಗೆ ಕಟ್ಟಿತು ಸರ್. ಪವರ್ ಫ್ಯಾಕ್ಟರ್ ಅಂತ ಸುಮ್ನೆ ಬಾಯಿಪಾಠ ಮಾಡಿಕೊಂಡಿದ್ದೆ. ಬಾರುಗಳೇ ಒಂದಕ್ಕೊಂದು ಎದುರು ತಳ್ಳುತ್ತವೆ ಅಂತ ಯೋಚಿಸಿರಲಿಲ್ಲ. ಹಾಗಾದರೆ ನಡುವೆ ಎಲ್ಲೋ ಒಂದು ಸ್ಲಿಪ್‌ನಲ್ಲಿ ಟಾರ್ಕ್ ಅತಿ ಹೆಚ್ಚು ಇರಬೇಕಲ್ವಾ?

ಸುರುಳಿ_ಸುತ್ತು

ಹೌದು. ರಿಯಾಕ್ಟೆನ್ಸ್ ಇಳಿದು ರೆಸಿಸ್ಟೆನ್ಸಿಗೆ ಸಮ ಆಗುವ ಕಡೆ. ನಮ್ಮ ಲೆಕ್ಕದಲ್ಲಿ ಸ್ಲಿಪ್ 0.2, ಅಂದರೆ 1200 ಆರ್‌ಪಿಎಂ. ಅಲ್ಲಿ ತಡ 45 ಡಿಗ್ರಿ, ಟಾರ್ಕ್ ಫುಲ್ ಲೋಡಿನ 2.6 ಪಟ್ಟು. ಲೋಡ್ ಅದಕ್ಕಿಂತ ಜಾಸ್ತಿ ಕೇಳಿದರೆ ಮೋಟಾರ್ ಮತ್ತೆ ಮೇಲೆ ಬರುವುದಿಲ್ಲ, ಕೂತುಬಿಡುತ್ತದೆ.

ಇದು ಫೀಲ್ಡ್ ಬದಲಾಗುವುದಿಲ್ಲ ಅಂತ ಹಿಡಿದು ಮಾಡಿದ ಲೆಕ್ಕ. ನಿಜವಾದ ಮೋಟಾರಲ್ಲಿ ಸ್ಟಾರ್ಟಿಂಗ್ ಕರೆಂಟ್ ಸ್ಟೇಟರಿನಲ್ಲೇ ತುಂಬಾ ವೋಲ್ಟೇಜ್ ತಿಂದುಬಿಡುತ್ತದೆ, ಫೀಲ್ಡ್ ಕುಗ್ಗುತ್ತದೆ. ಇನ್ನೊಂದು ಕಡೆ, ಬಾರನ್ನು ಆಳವಾಗಿ ಮಾಡಿದ್ದರೆ 50 ಹರ್ಟ್ಸ್‌ನಲ್ಲಿ ಕರೆಂಟ್ ಬಾರಿನ ಮೇಲಂಚಿಗೆ ಒತ್ತಿಕೊಳ್ಳುತ್ತದೆ. ಆಗ ರೆಸಿಸ್ಟೆನ್ಸ್ ತಾನಾಗಿ ಏರಿ ತಡ ಕಡಿಮೆ ಆಗುತ್ತದೆ, ಸ್ಟಾರ್ಟಿಂಗ್ ಟಾರ್ಕ್ ಸುಧಾರಿಸುತ್ತದೆ. ಕ್ಯಾಟಲಾಗಿನ ಎರಡು ಪಟ್ಟು ಬರುವುದು ಹೀಗೆ.

ಡ್ರೈವ್_ಪ್ಯಾನೆಲ್

ಮಧ್ಯೆ ನನ್ನದೊಂದು. ನಮ್ಮ ಕನ್ವೇಯರ್ ಮೋಟಾರ್ ಕೂಡ 1440ರದ್ದೇ, ಡ್ರೈವ್ ಮೇಲೆ ಓಡಿಸುತ್ತೇವೆ. 50 ಹರ್ಟ್ಸ್‌ನಲ್ಲಿ 1440 ಬರುತ್ತದೆ. 25 ಹರ್ಟ್ಸ್ ಇಟ್ಟರೆ 720 ಬರಬೇಕು, ಆದರೆ 690 ಬರುತ್ತಿದೆ. 750ಕ್ಕೆ 690 ಅಂದರೆ ಸ್ಲಿಪ್ 8 ಶೇಕಡಾ, ಎರಡು ಪಟ್ಟಾಯಿತು. ಡ್ರೈವ್ ಸೆಟ್ಟಿಂಗ್ ತಪ್ಪಿದೆಯಾ? ರೋಟರ್ ಸುಡುತ್ತದಾ?

ಸುರುಳಿ_ಸುತ್ತು

ಸೆಟ್ಟಿಂಗ್ ಸರಿಯಾಗಿಯೇ ಇದೆ. ಶೇಕಡಾ ಬಿಟ್ಟು ಆರ್‌ಪಿಎಂನಲ್ಲಿ ನೋಡಿ. 50ರಲ್ಲೂ 60 ಹಿಂದೆ, 25ರಲ್ಲೂ 60 ಹಿಂದೆ. ಕನ್ವೇಯರ್ ಎಲ್ಲ ಸ್ಪೀಡಿನಲ್ಲೂ ಅದೇ ಟಾರ್ಕ್ ಕೇಳುತ್ತದೆ. ಡ್ರೈವ್ ವೋಲ್ಟೇಜನ್ನೂ ಹರ್ಟ್ಸನ್ನೂ ಒಟ್ಟಿಗೆ ಇಳಿಸಿ ಫೀಲ್ಡನ್ನು ಅಷ್ಟೇ ಇಟ್ಟಿದೆ. ಅದೇ ಫೀಲ್ಡ್, ಅದೇ ಟಾರ್ಕ್ ಅಂದರೆ ಬಾರುಗಳಲ್ಲಿ ಅದೇ ಕರೆಂಟ್ ಬೇಕು, ಅದಕ್ಕೆ ಫೀಲ್ಡ್ ಅದೇ 60 ಆರ್‌ಪಿಎಂನಲ್ಲಿ ಬಾರುಗಳನ್ನು ದಾಟಬೇಕು. ರೋಟರ್ ಬಿಸಿಯೂ ಅಷ್ಟೇ. ದಾಟುವ ಪವರ್ ಅರ್ಧ ಆಯಿತು, ಅದರ 8 ಶೇಕಡಾ ಅಂದರೆ ಮತ್ತೆ ಅದೇ 310 ವ್ಯಾಟ್ ಚಿಲ್ಲರೆ. ಆದರೆ ಮೋಟಾರಿನ ಹಿಂದಿನ ಫ್ಯಾನ್ ಅರ್ಧ ಸ್ಪೀಡಿನಲ್ಲಿ ಗಾಳಿ ಬೀಸುತ್ತದೆ, ಬಿಸಿ ಹೊರಗೆ ಹೋಗುವುದು ಕಡಿಮೆ. ಅದರ ಕಡೆ ಗಮನ ಇರಲಿ. 5 ಹರ್ಟ್ಸ್‌ನಷ್ಟು ಕೆಳಗೆ ಹೋದರೆ ಸ್ಟೇಟರ್ ರೆಸಿಸ್ಟೆನ್ಸ್ ವೋಲ್ಟೇಜ್ ತಿನ್ನುತ್ತದೆ, ಆಗ ಬೂಸ್ಟ್ ಕೊಡಬೇಕು.

ಡ್ರೈವ್_ಪ್ಯಾನೆಲ್

ಮೂರು ವರ್ಷದಿಂದ ಆ 30 ಆರ್‌ಪಿಎಂ ಎಲ್ಲಿ ಹೋಯಿತು ಅಂತ ಹುಡುಕುತ್ತಿದ್ದೆ. ತುಂಬಾ ಥ್ಯಾಂಕ್ಸ್.

ಬ್ಲೋವರ್_ರೂಮ್

ಎಲ್ಲರೂ ಬರೆದಿದ್ದನ್ನು ಎರಡು ಸಲ ಓದಿದೆ. ಅಂದರೆ ನನ್ನ ಮೋಟಾರ್ ಮೊದಲಿನಷ್ಟೇ ಟಾರ್ಕ್ ಕೊಡುವುದಕ್ಕೆ ಈಗ 60ರ ಬದಲು 79 ಆರ್‌ಪಿಎಂ ಹಿಂದೆ ಬೀಳಬೇಕಾಗಿದೆ. ಯಾಕೆ ಅನ್ನುವುದು ಹೇಗೆ ಪತ್ತೆ ಮಾಡುವುದು? ರೋಟರನ್ನು ಯಾರೂ ಮುಟ್ಟಿಲ್ಲ, ಸ್ಟೇಟರ್ ಮಾತ್ರ ಸುತ್ತಿದ್ದು.

ಸುರುಳಿ_ಸುತ್ತು

ಕಾರಣ ಮೂರೇ ಇರಬಹುದು. ಲೋಡ್ ಏರಿರಬೇಕು, ಇಲ್ಲ ರೋಟರ್ ರೆಸಿಸ್ಟೆನ್ಸ್ ಏರಿರಬೇಕು, ಇಲ್ಲ ಫೀಲ್ಡ್ ಕುಗ್ಗಿರಬೇಕು.

ಲೋಡ್ ಏರಿಲ್ಲ. ಬ್ಲೋವರ್ ಅದೇ, ಸ್ಪೀಡ್ ಇಳಿದಿದ್ದರಿಂದ ಟಾರ್ಕ್ ಎರಡೂವರೆ ಶೇಕಡಾ ಇಳಿದಿರಬೇಕು. ರೋಟರ್ ವಿಷಯದಲ್ಲಿ ಎರಡು ನೋಡಬೇಕು. ಮೊದಲನೆಯದು, ಎರಡು ಸಲವೂ ಮೋಟಾರ್ ಚೆನ್ನಾಗಿ ಬಿಸಿ ಆದಮೇಲೆ ಅಳೆದಿರಾ? ಅಲ್ಯೂಮಿನಿಯಂ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಸುಮಾರು 0.4 ಶೇಕಡಾ ಏರುತ್ತದೆ. ತಣ್ಣಗಿನ ರೋಟರ್ 80 ಡಿಗ್ರಿ ಬಿಸಿ ಏರಿದರೆ ಸ್ಲಿಪ್ ಮೂವತ್ತು ಶೇಕಡಾದಷ್ಟು ಏರಬಹುದು. ಬೆಳಗ್ಗೆ ಚಾಲೂ ಮಾಡಿದ ಕೂಡಲೇ ಒಂದು ಅಳತೆ, ಮಧ್ಯಾಹ್ನ ಒಂದು ಅಳತೆ ತೆಗೆದರೆ ಒಳ್ಳೆ ಮೋಟಾರೂ ಕೆಟ್ಟಂತೆ ಕಾಣುತ್ತದೆ.

ಎರಡನೆಯದು, ಬಾರು ಬಿರುಕು ಬಿಟ್ಟಿದೆಯಾ? ಹಾಗಿದ್ದರೆ ಲೋಡ್ ಮೇಲೆ ಕರೆಂಟ್ ಒಂದೇ ಕಡೆ ನಿಲ್ಲುವುದಿಲ್ಲ. ರೋಟರ್ ಹರ್ಟ್ಸಿನ ಎರಡರಷ್ಟು ವೇಗದಲ್ಲಿ ಉಯ್ಯಾಲೆ ಆಡುತ್ತದೆ. ಮೋಟಾರಿನ ಸದ್ದು ಕೂಡ ಏರಿಳಿಯುತ್ತದೆ. ಮುಳ್ಳಿರುವ ಆಂಪಿಯರ್ ಮೀಟರಲ್ಲಿ ಚೆನ್ನಾಗಿ ಕಾಣುತ್ತದೆ, ಡಿಜಿಟಲ್ ಮೀಟರಲ್ಲಿ ತಪ್ಪಿಹೋಗಬಹುದು.

ಇನ್ನು ಫೀಲ್ಡ್. ಇದರ ಮೇಲೆ ನನಗೆ ಅನುಮಾನ ಜಾಸ್ತಿ. ಒಂದೇ ಸ್ಲಿಪ್‌ನಲ್ಲಿ ಟಾರ್ಕ್ ಫೀಲ್ಡಿನ ವರ್ಗದಂತೆ ಬದಲಾಗುತ್ತದೆ, ಯಾಕೆಂದರೆ ಫೀಲ್ಡ್ ಕುಗ್ಗಿದರೆ ರೋಟರ್ ಕರೆಂಟೂ ಕುಗ್ಗುತ್ತದೆ, ಆ ಕರೆಂಟನ್ನು ತಳ್ಳುವ ಫೀಲ್ಡೂ ಕುಗ್ಗಿರುತ್ತದೆ. ಮೋಟಾರ್ ಟರ್ಮಿನಲಲ್ಲಿ ವೋಲ್ಟೇಜ್ ಅಳೆಯಿರಿ, ಪ್ಯಾನೆಲಲ್ಲಿ ಬೇಡ. ಆಮೇಲೆ ಕಪ್ಲಿಂಗ್ ಬಿಚ್ಚಿ ಖಾಲಿ ಓಡಿಸಿ ಕರೆಂಟ್ ಅಳೆಯಿರಿ. ಹಳೆ ಖಾಲಿ ಕರೆಂಟ್ ನಿಮ್ಮ ಪುಸ್ತಕದಲ್ಲಿ ಇದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಸ್ಪಾನರ್_ಹದಿನೇಳು

ಫೀಲ್ಡ್ ಕುಗ್ಗಿದ್ದರೆ ಲೋಡ್ ಕರೆಂಟ್ ಏರಬೇಕಿತ್ತಲ್ಲ? ಅವರಿಗೆ 13.9 ಬಂದಿದೆ, ಏರಿಲ್ಲ. ನನಗೆ ರೋಟರ್ ಮೇಲೇ ಅನುಮಾನ. ವೈಂಡಿಂಗ್ ಸುಟ್ಟಾಗ ರೋಟರೂ ಕಾದಿರುತ್ತದೆ.

ಬ್ಲೋವರ್_ರೂಮ್

ಇವತ್ತು ಎಲ್ಲ ಮಾಡಿದೆವು. ಎರಡು ಗಂಟೆ ಓಡಿದ ಮೇಲೆ 1421, ಹಳೆಯ 1440 ಕೂಡ ಮಧ್ಯಾಹ್ನದ ಅಳತೆಯೇ. ಟರ್ಮಿನಲಲ್ಲಿ 408 ವೋಲ್ಟ್, ಮೂರು ಫೇಸೂ ಸಮ. ಮುಳ್ಳಿನ ಮೀಟರ್ ಹಾಕಿ ಐದು ನಿಮಿಷ ನೋಡಿದೆವು, ಮುಳ್ಳು ಅಲುಗಾಡಲಿಲ್ಲ. ಖಾಲಿ ಓಡಿಸಿದಾಗ 4.6 ಆಂಪಿಯರ್. ಹಳೆ ಪುಸ್ತಕದಲ್ಲಿ 6.2 ಇದೆ. ಇನ್ನೊಂದು ವಿಷಯ ಹೇಳುವುದು ಮರೆತಿದ್ದೆ, ಈಗ ಬ್ಲೋವರ್ ಪೂರ್ತಿ ಸ್ಪೀಡಿಗೆ ಬರಲು ಮೊದಲಿಗಿಂತ ಹೊತ್ತು ಹಿಡಿಯುತ್ತದೆ.

ಸುರುಳಿ_ಸುತ್ತು

6.2 ಇದ್ದಿದ್ದು 4.6. ಸ್ಟೇಟರಿನ ಕಾಯಿಲ್‌ಗಳಲ್ಲಿ ಸುತ್ತು ಜಾಸ್ತಿ ಬಿದ್ದಿದೆ ಅಂತ ನನ್ನ ಅಂದಾಜು.

ಸ್ಟೇಟರಿಗೆ ಕೊಟ್ಟ ವೋಲ್ಟೇಜನ್ನು ಫೀಲ್ಡ್ ಮತ್ತು ಸುತ್ತುಗಳು ಸೇರಿ ಎದುರಿಸಬೇಕು. ಸುತ್ತು ಜಾಸ್ತಿ ಇದ್ದರೆ ಕಡಿಮೆ ಫೀಲ್ಡ್ ಸಾಕಾಗುತ್ತದೆ, ಆ ಕಡಿಮೆ ಫೀಲ್ಡನ್ನು ಜಾಸ್ತಿ ಸುತ್ತಿನಿಂದ ಮಾಡುವುದರಿಂದ ಖಾಲಿ ಕರೆಂಟ್ ಎರಡು ಕಡೆಯಿಂದಲೂ ಇಳಿಯುತ್ತದೆ. ಹಾಗಾಗಿ ಅದು ಸುತ್ತಿನ ವರ್ಗದಷ್ಟು ಇಳಿಯುತ್ತದೆ. ಟಾರ್ಕ್ ಕೂಡ ವರ್ಗದಷ್ಟೇ. ನಿಮ್ಮ ಎರಡು ಅಳತೆಗಳನ್ನು ಪಕ್ಕ ಪಕ್ಕ ಇಡಿ. ಖಾಲಿ ಕರೆಂಟ್ 0.74 ಪಟ್ಟಾಗಿದೆ. ಸ್ಲಿಪ್ಪಿನ 60ನ್ನು 79ರಿಂದ ಭಾಗಿಸಿ, ಟಾರ್ಕ್ ಎರಡೂವರೆ ಶೇಕಡಾ ಇಳಿದಿದ್ದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಅಲ್ಲೂ 0.74 ಬರುತ್ತದೆ. ಬೇರೆ ಬೇರೆ ದಾರಿಯಲ್ಲಿ ಅಳೆದ ಎರಡು ಸಂಖ್ಯೆ ಒಂದೇ ಕಡೆ ಬೊಟ್ಟು ಮಾಡುತ್ತಿವೆ. ವೋಲ್ಟೇಜ್ 415ರ ಬದಲು 408 ಇರುವುದರಿಂದ ಇಷ್ಟಾಗುವುದಿಲ್ಲ, ಅದು ಸ್ಲಿಪ್ಪಿಗೆ ಎರಡು ಆರ್‌ಪಿಎಂ ಸೇರಿಸಬಹುದು ಅಷ್ಟೇ. ಹೊತ್ತು ಹಿಡಿಯುವುದೂ ಇದಕ್ಕೇ, ಸ್ಟಾರ್ಟಿಂಗ್ ಟಾರ್ಕ್ ಕೂಡ ಅದೇ ಪಾಲಿನಲ್ಲಿ ಇಳಿದಿರುತ್ತದೆ.

ಸ್ಪಾನರ್ ಅವರೇ, ಲೋಡ್ ಕರೆಂಟ್ ಯಾಕೆ ಏರಲಿಲ್ಲ ಅಂದರೆ, ಆ 14.1ರಲ್ಲಿ ಎರಡು ಪಾಲು ಇತ್ತು. ಒಂದು ಕೆಲಸ ಮಾಡುವ ಪಾಲು, ಇನ್ನೊಂದು ಫೀಲ್ಡ್ ಮಾಡುವ ಪಾಲು. ಕೆಲಸ ಹೆಚ್ಚು ಕಡಿಮೆ ಅಷ್ಟೇ ಇದೆ, ಫೀಲ್ಡ್ ಮಾಡುವ ಪಾಲು ಇಳಿದಿದೆ. ಕ್ಲ್ಯಾಂಪ್ ಮೀಟರ್ ಒಟ್ಟು ಮೊತ್ತ ತೋರಿಸುತ್ತದೆ, ಪಾಲು ಬೇರೆ ಮಾಡಿ ತೋರಿಸುವುದಿಲ್ಲ. ರೋಟರ್ ಬಾರಿನಲ್ಲಿ ಕರೆಂಟ್ ಖಂಡಿತ ಏರಿದೆ, ಆದರೆ ಅಲ್ಲಿಗೆ ಯಾರ ಮೀಟರೂ ಹೋಗುವುದಿಲ್ಲ. ಅದನ್ನು ಹೊರಗಿಂದ ತೋರಿಸುವುದು ಸ್ಲಿಪ್ ಒಂದೇ. ಟ್ಯಾಕೋಮೀಟರ್ ಇಲ್ಲದಿದ್ದರೆ ಇದು ನಿಮಗೆ ಗೊತ್ತೇ ಆಗುತ್ತಿರಲಿಲ್ಲ.

ಸ್ಪಾನರ್_ಹದಿನೇಳು

ಬಾರು ಎಲ್ಲ ಸಮನಾಗಿ ಹಾಳಾಗಿದ್ದರೆ ಮುಳ್ಳು ಆಡುವುದಿಲ್ಲ ಅಲ್ವಾ? ಹಾಗಾಗಿ ನಾನು ರೋಟರನ್ನು ಇನ್ನೂ ಪೂರ್ತಿ ಬಿಡುವುದಿಲ್ಲ.

ಸುರುಳಿ_ಸುತ್ತು

ಸಮನಾಗಿ ಹಾಳಾದರೆ ಆಡುವುದಿಲ್ಲ, ಅದು ಸರಿ. ಆದರೆ ರೋಟರ್ ಹಾಳಾದರೆ ಖಾಲಿ ಕರೆಂಟ್ ಇಳಿಯುವುದಿಲ್ಲ. ಆ 4.6ಕ್ಕೆ ರೋಟರ್ ಉತ್ತರ ಕೊಡಲಾರದು.

ಎರಡನೇ_ವರ್ಷ

ನನ್ನ ಹತ್ತಿರ ಟ್ಯಾಕೋಮೀಟರ್ ಇಲ್ಲ. ಸ್ಲಿಪ್ ಬೇರೆ ಹೇಗಾದರೂ ಅಳೆಯಬಹುದಾ?

ಸುರುಳಿ_ಸುತ್ತು

ಹಳೆ ಕಾಲದ ಚೋಕ್ ಇರುವ ಟ್ಯೂಬ್‌ಲೈಟ್ ಇದ್ದರೆ ಸಾಕು. ಎಲ್‌ಇಡಿ ಆಗುವುದಿಲ್ಲ. ಚೋಕ್ ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಮೋಟಾರ್ ನಿಂತಿರುವಾಗ ಶಾಫ್ಟ್ ತುದಿಗೆ ಸುಣ್ಣದಕಡ್ಡಿಯಲ್ಲಿ ನಡುವಿನಿಂದ ಅಂಚಿಗೆ ಒಂದು ಗೆರೆ ಎಳೆಯಿರಿ. ನಾಲ್ಕು ಪೋಲ್ ಮೋಟಾರ್ ಓಡುವಾಗ ಆ ಗೆರೆ ನಾಲ್ಕಾಗಿ ಕಾಣಿಸಿ ನಿಧಾನವಾಗಿ ಹಿಂದಕ್ಕೆ ಸುತ್ತುತ್ತದೆ. ಹಿಂದಕ್ಕೆ ನಿಮಿಷಕ್ಕೆ ಎಷ್ಟು ಸುತ್ತೋ ಅಷ್ಟೇ ಸ್ಲಿಪ್. ಟ್ಯಾಕೋಮೀಟರಿಗಿಂತ ಇದರಲ್ಲಿ ಒಂದು ಲಾಭ ಇದೆ. ಸಪ್ಲೈ 50ರ ಬದಲು 49.8 ಹರ್ಟ್ಸ್ ಇದ್ದರೆ ಫೀಲ್ಡ್ 1494ಕ್ಕೆ ಇಳಿದಿರುತ್ತದೆ. ಟ್ಯಾಕೋಮೀಟರ್ ಹಿಡಿದವರು ಆ 6 ಆರ್‌ಪಿಎಂ ಕೂಡ ಸ್ಲಿಪ್ ಅಂದುಕೊಳ್ಳುತ್ತಾರೆ. ಟ್ಯೂಬ್ ಸಪ್ಲೈ ಜೊತೆಗೇ ಮಿನುಗುವುದರಿಂದ ಆ ತಪ್ಪು ಬರುವುದಿಲ್ಲ. ಒಂದು ಎಚ್ಚರ ಇರಲಿ. ಈ ಬೆಳಕಲ್ಲಿ ಓಡುವ ಶಾಫ್ಟ್ ನಿಂತ ಹಾಗೆ ಕಾಣುತ್ತದೆ, ಕೈ ದೂರ ಇಡಿ.

ಎರಡನೇ_ವರ್ಷ

ಮಾಡಿದೆ ಸರ್! ಮೊದಲ ಸಲ 160 ಬಂದು ಗಾಬರಿ ಆಯಿತು. ಆಮೇಲೆ ಗೊತ್ತಾಯಿತು, ಒಂದು ಜಾಗದಲ್ಲಿ ಕಣ್ಣಿಟ್ಟು ಹಾದುಹೋಗುವ ಎಲ್ಲ ಗೆರೆಗಳನ್ನೂ ಎಣಿಸಿದ್ದೆ. ನಾಲ್ಕು ಗೆರೆಗೆ ಒಂದು ಸುತ್ತು. ನಾಲ್ಕರಿಂದ ಭಾಗಿಸಿದರೆ 40, ಅಂದರೆ 1460. ಲೋಡ್ ತೆಗೆದಾಗ ಅರ್ಧ ನಿಮಿಷಕ್ಕೆ ಎರಡೇ ಸುತ್ತು ಬಂತು. ಲೋಡ್ ಏರಿಸುತ್ತಾ ಹೋದರೆ ಗೆರೆಗಳು ವೇಗವಾಗಿ ಹಿಂದಕ್ಕೆ ಓಡುವುದನ್ನು ನೋಡುವುದೇ ಚಂದ.

ಬ್ಲೋವರ್_ರೂಮ್

ವರ್ಕ್‌ಶಾಪಿಗೆ ಹೋಗಿ ಬಂದೆ. ಸುತ್ತಿದ ಚೀಟಿಯಲ್ಲಿ ಕಾಯಿಲಿಗೆ 38 ಸುತ್ತು ಅಂತ ಇದೆ. ಪುಣ್ಯಕ್ಕೆ ಕತ್ತರಿಸಿ ತೆಗೆದ ಹಳೆ ಕಾಯಿಲ್ ಒಂದು ತಾಮ್ರದ ರಾಶಿಯಲ್ಲಿ ಸಿಕ್ಕಿತು. ಕತ್ತರಿಸಿದ ತುದಿಯಲ್ಲಿ 66 ತಂತಿ ಎಣಿಸಿದೆವು, ಎರಡೆರಡು ತಂತಿ ಜೊತೆಯಾಗಿ ಸುತ್ತಿದ್ದು, ಹಾಗಾಗಿ 33 ಸುತ್ತು. 38 ಅನ್ನುವುದು ಅಷ್ಟೇ ಕಿಲೋವ್ಯಾಟಿನ ಬೇರೊಂದು ಮೋಟಾರಿನ ಲೆಕ್ಕ ಅಂತ ಅವರೇ ಹೇಳಿದರು.

ಸ್ಪಾನರ್_ಹದಿನೇಳು

ಸುಟ್ಟ ಕಾಯಿಲ್, ಕತ್ತರಿಸುವಾಗ ನಾಲ್ಕಾರು ತಂತಿ ಉದುರಿಹೋಗಿರಬಹುದು. ಇನ್ನೊಂದು ಕಾಯಿಲ್ ಸಿಕ್ಕಿದರೆ ಅದನ್ನೂ ಎಣಿಸಿ.

ಸುರುಳಿ_ಸುತ್ತು

ಒಳ್ಳೆ ಮಾತು, ಎಣಿಸಿ. ಆದರೆ 33ನ್ನು 38ರಿಂದ ಭಾಗಿಸಿ ವರ್ಗ ಮಾಡಿದರೆ 0.75, ವೋಲ್ಟೇಜಿನ ಕೊರತೆ ಸೇರಿಸಿದರೆ ನಿಮ್ಮ ಅಳತೆಗೆ ಹತ್ತಿರ ಹತ್ತಿರ ಬಂದು ಕೂರುತ್ತದೆ. ಅದೇ ಸ್ಲಾಟಿನಲ್ಲಿ 38 ಸುತ್ತು ತುಂಬಲು ತಂತಿಯನ್ನೂ ಸಣ್ಣ ಹಾಕಿರುತ್ತಾರೆ, ಗೇಜ್ ಕೇಳಿ. ಮತ್ತೆ ಸುತ್ತಿಸುವುದೇ ದಾರಿ.

ಬ್ಲೋವರ್_ರೂಮ್

ಅವರು ಒಪ್ಪಿದ್ದಾರೆ, ಹತ್ತು ದಿನ ಕೇಳಿದ್ದಾರೆ. ಅಲ್ಲಿಯವರೆಗೆ ಬ್ಲೋವರ್ ನಿಲ್ಲಿಸುವ ಹಾಗಿಲ್ಲ. ಓಡಿಸಬಹುದಾ?

ಸುರುಳಿ_ಸುತ್ತು

ಸೆಂಟ್ರಿಫ್ಯೂಗಲ್ ಬ್ಲೋವರ್ ಆಗಿದ್ದರೆ ಡ್ಯಾಂಪರ್ ಸ್ವಲ್ಪ ಸ್ವಲ್ಪ ಮುಚ್ಚುತ್ತಾ ಹೋಗಿ, ಲೋಡ್ ಇಳಿಯುತ್ತದೆ. ಟ್ಯಾಕೋಮೀಟರಲ್ಲಿ 1440 ಬರುವ ಕಡೆ ನಿಲ್ಲಿಸಿ. ಅಲ್ಲಿ ರೋಟರಿನ ಬಿಸಿ ಮೊದಲಿನಷ್ಟಕ್ಕಿಂತ ಕಡಿಮೆಯೇ ಇರುತ್ತದೆ, ಯಾಕೆಂದರೆ ಸ್ಲಿಪ್ ಅದೇ 4, ದಾಟುವ ಪವರ್ ಕಡಿಮೆ. ಆಂಪಿಯರ್ ನೋಡಿ ಡ್ಯಾಂಪರ್ ಇಡಬೇಡಿ, ಸ್ಪೀಡ್ ನೋಡಿ ಇಡಿ. ಪದೇ ಪದೇ ಆಫ್ ಮಾಡಿ ಆನ್ ಮಾಡಬೇಡಿ, ಏಳಲು ಹೊತ್ತು ಹಿಡಿಯುವಾಗಲೇ ರೋಟರ್ ತುಂಬಾ ಕಾಯುವುದು.

ಬ್ಲೋವರ್_ರೂಮ್

ಸೆಂಟ್ರಿಫ್ಯೂಗಲ್ಲೇ. ಡ್ಯಾಂಪರ್ ಮೂರನೇ ಒಂದು ಪಾಲು ಮುಚ್ಚಿದಾಗ 1438 ಬಂತು, ಗಾಳಿ ಸದ್ಯಕ್ಕೆ ಸಾಕಾಗುತ್ತಿದೆ. ಎರಡು ಗಂಟೆ ಆದಮೇಲೆ ಮತ್ತೆ ಅಳೆದೆ, 1436. ಶಾಫ್ಟ್ ಕಡೆಯ ಬಿಸಿ ಇಳಿದಿದೆ. ಹೊಸ ವೈಂಡಿಂಗ್ ಬಂದಮೇಲೆ ಮೊದಲು ಖಾಲಿ ಕರೆಂಟ್ ಅಳೆದು ಇಲ್ಲಿ ಹಾಕುತ್ತೇನೆ.